ಐದೂವರೆಯ ಹಣ್ಣು

ನಾನು ಕೂತದ್ದು ಮಂಚದ ಮೇಲೆ. ಮಂಚದ ಮೇಲೆ ಕೂರುವುದು ಯಾವ ಶಾಸ್ತ್ರದಲ್ಲೂ ಪಾಪವಲ್ಲ ಎಂದು ಇಂದಿಗೂ ವಾದಿಸುತ್ತೇನೆ. ಆದರೆ ಜಿಯಾಗಂಜ್‌ನಲ್ಲಿ, ನನ್ನ ಸೋದರತ್ತೆ ಜತನ್ ಬುವಾ ಅವರ ಮನೆಯಲ್ಲಿ, ಮಾವಿನ ಕಾಲದಲ್ಲಿ, ಉತ್ತರದ ಕೋಣೆಯ ಮಂಚದ ಮೇಲೆ ಮನುಷ್ಯರು ಕೂರುವುದಿಲ್ಲ. ಅಲ್ಲಿ ಹಣ್ಣುಗಳು ಮಲಗಿರುತ್ತವೆ. ಇದು ನನಗೆ ತೊಟ್ಟಿಲಿನಿಂದಲೂ ಗೊತ್ತು. ಮೂವತ್ತೆಂಟು ವರ್ಷ ನೆನಪಿದ್ದದ್ದು, ಬಿಸಿಲಲ್ಲಿ ಸೈಕಲ್ ತುಳಿದು ಬಂದು ಆ ಕೋಣೆಯ ತಂಪಿಗೆ ಕಾಲಿಟ್ಟ ಕ್ಷಣಕ್ಕೆ ಮರೆತುಹೋಯಿತು. ಅಬ್ಬಾ ಎಂದು ಕೂತೆ. ಕೆಳಗೆ ಏನೋ ಮೆತ್ತಗೆ ಸೋಲೊಪ್ಪಿಕೊಂಡಿತು. ಆಮೇಲೆ ಪರಿಮಳ ಬಂತು.

ಬುವಾ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹತ್ತಿಯ ಉಂಡೆ. ನನ್ನ ಮುಖ ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದರು. ಒಂಬತ್ತು ಗಂಟೆ ಹತ್ತು ನಿಮಿಷ.

"ಏಳು," ಅಂದರು. "ನಿಧಾನಕ್ಕೆ. ಎಡಗಡೆ ಇನ್ನೊಂದಿದೆ."

ಎದ್ದೆ. ನನ್ನ ಬಿಳಿ ಪೈಜಾಮದ ಹಿಂಭಾಗದ ಸ್ಥಿತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

"ನೀನು ಕೂತಿದ್ದು ಹನ್ನೊಂದು ಗಂಟೆಯ ಹಣ್ಣಿನ ಮೇಲೆ," ಬುವಾ ಅಂದರು.

ಅವರ ಮನೆಯಲ್ಲಿ ಹಣ್ಣುಗಳಿಗೆ ಹೆಸರಿಗಿಂತ ಹೆಚ್ಚಾಗಿ ಗಂಟೆ ಇರುತ್ತದೆ. ಇದು ಬೆಳಗಿನ ಎಂಟರದು, ಇದು ನಾಳೆ ಮಧ್ಯಾಹ್ನದ್ದು, ಇದು ನಾಡಿದ್ದು ಪೂಜೆ ಮುಗಿದ ಮೇಲಿನದು. ಇನ್ನೂರೈವತ್ತು ವರ್ಷದ ಹಿಂದೆ ಮಾರವಾಡದಿಂದ ಇಲ್ಲಿಗೆ, ಕೋಲ್ಕತ್ತದ ಉತ್ತರಕ್ಕಿರುವ ಭಾಗೀರಥಿಯ ದಂಡೆಗೆ ಬಂದು ನೆಲೆಸಿದ ನಾವು ಶಹರ್‌ವಾಲಿ ಜೈನರು ಏನೇನೋ ಕಳಕೊಂಡಿದ್ದೇವೆ, ಆದರೆ ಮಾವಿನ ವಿಷಯದ ಸೊಕ್ಕನ್ನು ಮಾತ್ರ ಬಿಟ್ಟಿಲ್ಲ. ಆ ಸೊಕ್ಕಿಗೆ ಊರಿನಲ್ಲಿ ಉಳಿದ ಕೊನೆಯ ಸಾಕ್ಷಿ ನಮ್ಮ ಬುವಾ. ಪೋಸ್ಟ್‌ಮಾಸ್ತರರು, ಹಲ್ಲಿನ ಡಾಕ್ಟರು, ಅಂಗಡಿ ಬೀದಿಯ ಸೀರೆ ವ್ಯಾಪಾರಿಗಳು, ಯಾರ ಮನೆಗೆ ಬೀಗರು ಬರಲಿ, ಮೊದಲು ಬುಟ್ಟಿಯ ಸಮೇತ ಇವರ ಜಗಲಿಗೆ ಬರುತ್ತಾರೆ. ಬುವಾ ಹಣ್ಣನ್ನು ಅಂಗೈಯಲ್ಲಿಟ್ಟು ತೂಗುತ್ತಾರೆ. ತೊಟ್ಟಿನ ಬಳಿ ಮೂಗಿಟ್ಟು ಒಂದು ಉಸಿರು ಎಳೆಯುತ್ತಾರೆ. "ನಾಳೆ ಸಂಜೆ ನಾಲ್ಕಕ್ಕೆ," ಅನ್ನುತ್ತಾರೆ. ಬೀಗರಿಗೆ ಆ ಹೊತ್ತು ಆಗದಿದ್ದರೆ ಬೀಗರ ಹೊತ್ತು ಬದಲಾಗುತ್ತದೆ, ಹಣ್ಣಿನದಲ್ಲ.

ಬಣ್ಣವನ್ನು ಅವರು ನಂಬುವುದಿಲ್ಲ. "ಬಣ್ಣ ನೋಡಿ ಹಣ್ಣು ತಗೊಳ್ಳೋರು ಸೀರೆ ತಗೊಳ್ಳಲಿ." ತೊಟ್ಟಿನ ಸುತ್ತ ಭುಜ ತುಂಬಿ ಮೇಲೆದ್ದಿರಬೇಕು. ನೀರಿಗೆ ಹಾಕಿದರೆ ಮುಳುಗಬೇಕು. ತೇಲುವ ಕಾಯಿ ಬಲಿಯುವ ಮುಂಚೆ ಕಿತ್ತದ್ದು, ಅದನ್ನು ಹುಲ್ಲಿನಲ್ಲಿಟ್ಟರೂ ಹತ್ತಿಯಲ್ಲಿಟ್ಟರೂ ಬಾಡುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಬಲಿತದ್ದಾದರೆ, ವಾಸನೆ ತೊಟ್ಟಿಗೆ ಬಂದ ದಿನ ಹೊತ್ತು ಹತ್ತಿರ ಬಂತೆಂದು ಲೆಕ್ಕ. ಸಿಪ್ಪೆಯ ಬಿಗಿ ಒಂದಿಷ್ಟು ಸಡಿಲಬೇಕು, ಅಂಗೈಯಲ್ಲಿ ಇಟ್ಟರೆ ಹಣ್ಣು ತಾನೇ ಒರಗಿದಂತಿರಬೇಕು. ಆದರೆ ಹೆಬ್ಬೆರಳಲ್ಲಿ ಒತ್ತಿ ನೋಡುವುದು ಮಾತ್ರ ಕೂಡದು. ಬೆಳಿಗ್ಗೆ ಒತ್ತಿದ ಜಾಗ ಸಂಜೆಗೆ ಸಿಪ್ಪೆಯ ಕೆಳಗೆ ಕಂದುತ್ತದೆ. ನಮ್ಮಲ್ಲಿ ಕಳ್ಳತನ ಮಾಡಿದವನಿಗೆ ಕ್ಷಮೆಯುಂಟು, ಹಣ್ಣು ಒತ್ತಿದವನಿಗಿಲ್ಲ.

ಒಮ್ಮೆ ಕೋಲ್ಕತ್ತದಿಂದ ಯಾರೋ ಅನಾನಸ್ ತಂದುಕೊಟ್ಟರು. ಬುವಾ ಅದನ್ನು ತಲೆಕೆಳಗು ಮಾಡಿ ಬುಡ ಮೂಸಿದರು. ಪರಿಮಳವಿಲ್ಲ. "ಎರಡು ದಿನ ಇಟ್ಟು ನೋಡೋಣ ಬುವಾ," ಅಂದೆ ನಾನು.

"ಇಟ್ರೆ ಮೆತ್ತಗಾಗುತ್ತೆ, ಹಳದಿ ಆಗುತ್ತೆ. ಸಿಹಿ ಆಗಲ್ಲ. ಮಾವು ಮನೆಗೆ ಬಂದ ಮೇಲೂ ಹಣ್ಣಾಗುತ್ತೆ. ಅನಾನಸ್ ಗಿಡದಲ್ಲಿ ಎಷ್ಟು ಆಗಿರುತ್ತೋ ಅಷ್ಟೇ." ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನ ಜಾತಿ," ಅಂದರು.

ಜಿಯಾಗಂಜ್‌ನಲ್ಲಿ ಹೋಮಿಯೋಪತಿ ಔಷಧದ ಅಂಗಡಿ ಇಟ್ಟುಕೊಂಡು ಹದಿನೈದು ವರ್ಷದಿಂದ ಸಕ್ಕರೆ ಗುಳಿಗೆ ಎಣಿಸುತ್ತಿರುವ ಮನುಷ್ಯ ಇದಕ್ಕೆ ಏನು ಉತ್ತರ ಕೊಟ್ಟಾನು?

ಆ ಬೆಳಿಗ್ಗೆ ಮಂಚದ ಮೇಲೆ ಎರಡೇ ಹಣ್ಣಿದ್ದವು, ಎರಡೂ ಕೋಹಿತೂರ್. ನವಾಬರ ಕಾಲದಿಂದ ಹತ್ತಿಯಲ್ಲಿ ಸುತ್ತಿ, ಗಳಿಗೆಗೊಮ್ಮೆ ಮಗ್ಗುಲು ಬದಲಿಸಿ, ಕೂಸಿನಂತೆ ನೋಡಿಕೊಳ್ಳುವ ಜಾತಿ. ಒಂದು ಹನ್ನೊಂದಕ್ಕೆ, ಇನ್ನೊಂದು ಸಂಜೆ ಐದೂವರೆಗೆ. ಹನ್ನೊಂದರದು ಈಗ ನನ್ನ ಪೈಜಾಮದಲ್ಲಿತ್ತು.

ಬುವಾ ಅವರ ಮೊಮ್ಮಗಳು ಕುಹು ಓಡಿಬಂದಳು. ತಾಯಿಯಿಲ್ಲದ ಹುಡುಗಿ. ಅಪ್ಪ ಗುವಾಹಟಿಯಲ್ಲಿ, ಬೆಳೆದದ್ದು ಬುವಾ ಮಡಿಲಲ್ಲಿ. ಬಹರಂಪುರದ ಪ್ರಯೋಗಾಲಯವೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮಂಚ ನೋಡಿದಳು, ನನ್ನನ್ನು ನೋಡಿದಳು.

"ಗಜು ಮಾಮಾ, ಅವರು ಹತ್ತೂವರೆ ದೋಣಿಗೆ ಬರ್ತಿದಾರೆ."

ಅವರು ಎಂದರೆ ಹೊಳೆಯಾಚೆಯ ಅಜೀಮ್‌ಗಂಜ್‌ನ ಸುರಾಣಾ ಮನೆಯ ಪನ್ನಾದೇವಿ, ಎಪ್ಪತ್ತಾರು ವರ್ಷ. ಕುಹು ಮದುವೆಯಾಗಬೇಕೆಂದಿರುವ ಪ್ರಸನ್ ಅವರ ಮೊಮ್ಮಗ. ಹುಡುಗ ಹುಡುಗಿ ಒಪ್ಪಿ ಎರಡು ವರ್ಷವಾಗಿತ್ತು. ಪನ್ನಾದೇವಿ ಒಪ್ಪಿರಲಿಲ್ಲ. ಹಿಂದಿನ ಕಾಲದಲ್ಲಿ ನಮ್ಮಲ್ಲಿ ಹುಡುಗಿಯ ಪರೀಕ್ಷೆ ಒಂದೇ. ಬೀಗರ ಎದುರು ಕೂತು ಮಾವಿನಹಣ್ಣು ಬಿಡಿಸಿ ಹೆಚ್ಚಬೇಕು. ತಿರುಳಿಗೆ ಬೆರಳು ತಗುಲಬಾರದು, ಚಾಕುವಿನ ಗೆರೆ ಕಾಣಬಾರದು. ಅದನ್ನೆಲ್ಲ ಈಗ ಯಾರೂ ಕೇಳುವುದಿಲ್ಲ. ಪನ್ನಾದೇವಿ ಕೇಳಿದರು. ಅದೂ ಕೋಹಿತೂರೇ ಆಗಬೇಕಂತೆ. ಈ ಸಲ ಆಗದಿದ್ದರೆ ಮುಂದಿನ ವರ್ಷದವರೆಗೆ ಕಾಯುವುದಿಲ್ಲ, ಧುಲಿಯಾನ್‌ನಲ್ಲಿ ಇನ್ನೊಂದು ಹುಡುಗಿ ಇದೆ ಎಂದು ಹೇಳಿ ಕಳಿಸಿದ್ದರು.

"ಬೇಡ ಅನ್ನು," ಎಂದಿದ್ದೆ ನಾನು ಕುಹುಗೆ. "ಓದಿದ ಹುಡುಗಿ ನೀನು."

"ನಾನು ದಿನಾ ನೂರು ಜನರ ರಕ್ತ ಪರೀಕ್ಷೆ ಮಾಡ್ತೀನಿ ಮಾಮಾ. ಯಾರಾದ್ರೂ ಬೇಡ ಅಂತಾರಾ? ತೋಳು ಚಾಚ್ತಾರೆ. ನಾನೂ ಚಾಚ್ತೀನಿ. ನಾಳೆ ಆ ಮನೆಯಲ್ಲಿ ಯಾರೂ ನನ್ನನ್ನ ಪುಕ್ಕಟೆ ಬಂದವಳು ಅನ್ನಬಾರ್ದು."

ಒಂದು ತಿಂಗಳು ಅಭ್ಯಾಸ ನಡೆದಿತ್ತು. ಮೊದಲು ರಾಣಿಪಸಂದ್ ಮಾವು, ಆಮೇಲೆ ಬಿಮ್ಲಿ. ಕೆಟ್ಟು ಹೋದ ಹೋಳುಗಳನ್ನು ತಿನ್ನುವ ಜವಾಬ್ದಾರಿ ನನ್ನದಾಗಿತ್ತು. ನಾನು ನಾಲ್ಕು ಕಿಲೋ ದಪ್ಪಗಾದೆ, ಕುಹುವಿನ ಕೈ ಹದವಾಯಿತು.

ಇನ್ನು ಆ ದಿನವೇ ಯಾಕೆ ಎಂದರೆ, ಮರುದಿನ ಬೆಳಿಗ್ಗೆ ಆರಿದ್ರಾ ನಕ್ಷತ್ರ ಹುಟ್ಟುತ್ತಿತ್ತು. ಆರಿದ್ರೆ ಬಂತೆಂದರೆ ನಮ್ಮ ಮನೆಗಳಲ್ಲಿ ಮಾವು ಮುಗಿಯಿತು. ಮರದಲ್ಲಿ ತೂಗುತ್ತಿದ್ದರೂ ಮುಂದಿನ ವರ್ಷದವರೆಗೆ ಬಾಯಿಗಿಡುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಹೇಗೂ ಅನ್ನ ಹಣ್ಣು ಯಾವುದೂ ಇಲ್ಲ. ಆದ್ದರಿಂದ ಲೆಕ್ಕ ಇಷ್ಟೇ: ಉಳಿದಿರುವುದು ಒಂದು ಹಣ್ಣು. ಅದು ಐದೂವರೆಗೆ ಆಗುತ್ತದೆ. ಆರೂ ಇಪ್ಪತ್ತಕ್ಕೆ ಸೂರ್ಯಾಸ್ತ. ಮಧ್ಯೆ ಐವತ್ತು ನಿಮಿಷ.

"ಪನ್ನಾದೇವಿ ಐದೂವರೆವರೆಗೆ ಕೂರ್ತಾರಾ?" ನಾನು ಕೇಳಿದೆ.

"ಕೂರಿಸು," ಅಂದರು ಬುವಾ. "ಕೂರೋದರಲ್ಲಿ ನಿನ್ನಷ್ಟು ಪಳಗಿದವರು ಈ ಮನೇಲಿ ಯಾರಿದಾರೆ?"

ಪನ್ನಾದೇವಿ ಸೊಸೆಯೊಂದಿಗೆ ಬಂದರು. ಪ್ರಸನ್‌ನನ್ನು ಆಚೆ ದಂಡೆಯಲ್ಲೇ ಬಿಟ್ಟಿದ್ದರು. ಬೆಳ್ಳಿ ಕೂದಲು, ಕಡ್ಡಿಯಂಥ ದೇಹ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಬಾಗಿಲು ದಾಟುತ್ತಿದ್ದಂತೆ ಮೂಗು ಅರಳಿಸಿದರು.

"ಜತನ್, ಹಣ್ಣು ಒಡೆದ ವಾಸನೆ ಬರ್ತಿದೆಯಲ್ಲ?"

"ಗಜು ಬಂದಿದಾನೆ," ಅಂದರು ಬುವಾ.

ಅವರಿಬ್ಬರ ನಡುವೆ ಹಳೆಯ ಕತೆಯೊಂದಿತ್ತು. ಐವತ್ತೈದು ವರ್ಷದ ಹಿಂದೆ, ಬುವಾಗೆ ಹದಿನೆಂಟು ವರ್ಷವಾಗಿದ್ದಾಗ, ಇದೇ ಪನ್ನಾದೇವಿ ಹೊಸ ಸೊಸೆಯಾಗಿ, ತಮ್ಮ ಅತ್ತೆಯ ಜೊತೆ, ಮೈದುನ ಅಜಿತನಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದರು. ಬುವಾ ಕೋಹಿತೂರ್ ಬಿಡಿಸಿದರು. ಹೋಳಿನ ಮೇಲೆ ಕಂದು ಕಲೆ ಕಂಡಿತು. "ಇದು ಯಾರ ಹೆಬ್ಬೆರಳು?" ಎಂದು ಪನ್ನಾದೇವಿಯ ಅತ್ತೆ ಕೇಳಿದರು. ಸಂಬಂಧ ಅಲ್ಲಿಗೆ ಮುರಿಯಿತು. ಒತ್ತಿದ್ದು ಎಂಟು ವರ್ಷದ ನಮ್ಮಪ್ಪ ಎಂದು ಮನೆಯವರೆಲ್ಲ ತೀರ್ಮಾನಿಸಿದರು, ಯಾಕೆಂದರೆ ಒತ್ತುವ ಚಟ ಅವರದೇ. ಬುವಾ ಆಮೇಲೆ ಬೋಥ್ರಾ ಮಾಸ್ತರರನ್ನು ಮದುವೆಯಾದರು. ಕಾಯಿ ಕೊಟ್ಟರೂ ಹಣ್ಣು ಕೊಟ್ಟರೂ "ಚೆನ್ನಾಗಿದೆ" ಎಂದು ತಿನ್ನುವ ಮನುಷ್ಯ. ನಲವತ್ತು ವರ್ಷ ನಗುತ್ತಾ ಬಾಳಿದರು. ಆದರೂ ನಮ್ಮಪ್ಪ, ಅಕ್ಕನ ಬಾಳಿಗೆ ತಾನು ಹೆಬ್ಬೆರಳಿಟ್ಟೆ ಎಂದು ಕೊರಗಿ, ಸಾಯುವವರೆಗೆ ಪ್ರತಿ ವರ್ಷ ಮೊದಲ ಬುಟ್ಟಿಯನ್ನು ತಂದು ಅವರ ಪಾದದ ಬಳಿ ಇಡುತ್ತಿದ್ದರು. ಕೊನೆಕೊನೆಗೆ ಮಾತ್ರ, "ನಾನು ಒತ್ತಿದ್ದು ಚಂಪಾ ಮಾವನ್ನ, ಕೋಹಿತೂರ್ ಅಲ್ಲ ಅಂತ ನೆನಪು," ಎಂದು ಗೊಣಗುತ್ತಿದ್ದರು. ಯಾರೂ ಕಿವಿಗೊಡಲಿಲ್ಲ. ಅಜಿತ ಸುರಾಣಾ ಎಂಬ ಆ ವರ ಮಹಾಶಯರು ಅರವತ್ತು ವರ್ಷ ತುಂಬಿದ ಮೇಲೂ ಕೂದಲು ಕತ್ತರಿಸಿಕೊಳ್ಳುವ ಮುಂಚೆ ತಾಯಿಯನ್ನು ಕೇಳುತ್ತಿದ್ದರೆಂದು ಊರು ಹೇಳುತ್ತದೆ.

ಮಧ್ಯಾಹ್ನದ ಊಟಕ್ಕೆ ಸೌತೆಕಾಯಿಯ ಕಚೋರಿ, ಬೇಳೆ, ಪೂರಿ. ಪನ್ನಾದೇವಿ ಎರಡು ಕಚೋರಿ ತಿಂದು ಕೈ ತೊಳೆದರು. ಹಣ್ಣಿನ ಮಾತು ಬಂತು. ಸಂಜೆಯವರೆಗೆ ಇರಬೇಕಾಗುತ್ತದೆ ಎಂದು ಬುವಾ ಹೇಳಿದರು. ಪನ್ನಾದೇವಿ ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡಿದಳು.

ಎರಡು ಗಂಟೆಗೆ ಅವರಿಬ್ಬರೂ ಸ್ವಲ್ಪ ಒರಗಿದರು. ಬುವಾ ಸಾಮಾಯಿಕದ ಧ್ಯಾನಕ್ಕೆ ಕೂತರು. ಕುಹು ಬಿದಿರಿನ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಕೋಹಿತೂರಿಗೆ ನಮ್ಮ ಮನೆಯಲ್ಲಿ ಕಬ್ಬಿಣ ಸೋಕಿಸುವುದಿಲ್ಲ, ರುಚಿ ಕೆಡುತ್ತದೆಂದು. ಮನೆ ನಿಶ್ಶಬ್ದವಾಗಿತ್ತು. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ ಗುಂಯ್‌ಗುಡುತ್ತಿತ್ತು: ನಿಜವಾಗಿ ಐದೂವರೆಗೆ ಆಗುತ್ತದೆಯೇ? ಬುವಾಗೆ ಎಪ್ಪತ್ಮೂರು. ಮೂಗು ಮೊದಲಿನಂತಿದೆಯೇ? ಒಂದು ವೇಳೆ ಏಳಕ್ಕೆ ಆದರೆ?

ನಾನು ಉತ್ತರದ ಕೋಣೆಗೆ ಹೋದೆ. ಕೂರಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಹತ್ತಿ ಸರಿಸಿದೆ. ಹಸಿರು ಮಾಸದ, ಮಾತಾಡದ ಹಣ್ಣು. ಮೂಸಿದೆ. ನಶ್ಯ ಏರಿಸಿ ಮಂಕಾದ ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ಆಗ ನನ್ನ ಬಲಗೈ, ನನ್ನನ್ನು ಕೇಳದೆ, ತೊಟ್ಟಿನ ಪಕ್ಕದ ಭುಜಕ್ಕೆ ಹೆಬ್ಬೆರಳು ಇಟ್ಟು ಒತ್ತಿತು.

ಸ್ವಲ್ಪ ಒಳಗೆ ಹೋಯಿತು. ಕೈ ತೆಗೆದೆ. ಸಿಪ್ಪೆ ಹಾಗೇ ಇತ್ತು, ಗುರುತಿಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಗುರುತು ಬರುವುದು ಸಂಜೆಗೆ. ಹತ್ತಿ ಮುಚ್ಚಿ ಹೊರಗೆ ಬಂದು, ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತೆ. ಹೇಳಿಬಿಡಲೇ? ಯಾರಿಗೆ? ಬುವಾ ಸಾಮಾಯಿಕದಲ್ಲಿ ಇದ್ದಾರೆ, ನಲವತ್ತೆಂಟು ನಿಮಿಷ ಮಾತಾಡುವಂತಿಲ್ಲ. ಕುಹುಗೆ ಹೇಳಿದರೆ ಕೈ ನಡುಗೀತು. ಹೇಳದಿರುವುದೇ ಧರ್ಮ ಎಂದು ತೀರ್ಮಾನಿಸಿದೆ. ಹೇಡಿಗಳಿಗೆ ಧರ್ಮ ಬಹಳ ಬೇಗ ಹೊಳೆಯುತ್ತದೆ.

ಮೂರಕ್ಕೆ ಪನ್ನಾದೇವಿ ಎದ್ದು ಬಂದು ಚಾಪೆಯ ಮೇಲೆ ಕೂತರು.

"ತಾ, ಹುಡುಗಿ. ಹೆಚ್ಚು. ನನಗೆ ದೋಣಿ ಇದೆ."

ಬುವಾ ಬಾಯಿ ಬಿಡುವಂತಿರಲಿಲ್ಲ. ಪರೀಕ್ಷೆಗೆ ಕೂತವಳಿಗೆ ಮನೆಯವರು ಸನ್ನೆ ಮಾಡಿದರೂ ಸೋತಂತೆಯೇ. ಕುಹು ಹಣ್ಣನ್ನು ಹತ್ತಿಯ ಸಮೇತ ತಂದಳು. ಅಂಗೈಯಲ್ಲಿಟ್ಟಳು. ಕಣ್ಣು ಮುಚ್ಚಿ ಮೂಸಿದಳು. ನನ್ನ ಹೆಬ್ಬೆರಳನ್ನು ಅವಳ ಮೂಗು ಹಿಡಿದುಬಿಟ್ಟರೆ?

"ಮಾಜೀ, ಆಗಿಲ್ಲ," ಅಂದಳು.

"ನೋಡೋಕೆ ಆದಂಗಿದೆ."

"ಹುಳಿ ಇನ್ನೂ ಇಳಿದಿಲ್ಲ. ಐದೂವರೆ ಆಗುತ್ತೆ."

"ಎಪ್ಪತ್ತು ವರ್ಷದಿಂದ ಮಾವು ತಿಂತಿದೀನಿ ಹುಡುಗಿ. ನಿನ್ನಮ್ಮ ಹುಟ್ಟೋಕೆ ಮುಂಚೆ ಈ ಊರಿನ ಹಣ್ಣು ತಿಂದೋಳು ನಾನು. ಹೆಚ್ಚು ಅಂದ್ರೆ ಹೆಚ್ಚು."

ಅವರ ಸೊಸೆ ಮೆಲ್ಲಗೆ, "ಕುಹು, ಅಮ್ಮ ಹೇಳಿದ ಮೇಲೆ…" ಅಂದಳು.

ಕುಹು ಹಣ್ಣನ್ನು ಮತ್ತೆ ಹತ್ತಿಯಲ್ಲಿ ಮಲಗಿಸಿದಳು. "ಮಾಜೀ, ಈಗ ಹೆಚ್ಚಿದ್ರೆ ಹೋಳು ಅಂದವಾಗಿ ಬರುತ್ತೆ. ಗಟ್ಟಿ ಹಣ್ಣು ಯಾರು ಬೇಕಾದ್ರೂ ಅಂದವಾಗಿ ಹೆಚ್ಚಬಹುದು. ತಿನ್ನೋಕೆ ಚೆನ್ನಾಗಿರಲ್ಲ."

"ಅಂದ್ರೆ ನಾನು ಕಾಯಬೇಕು?"

"ನಾನೂ ಕಾಯ್ತೀನಿ."

ಪನ್ನಾದೇವಿ ಎದ್ದು ನಿಂತರು. ಸೊಸೆಯೂ ಎದ್ದಳು. ನಾನು ಬುವಾ ಕಡೆ ನೋಡಿದೆ. ಬುವಾ ಗೋಡೆಯ ಮೇಲಿನ ಹಲ್ಲಿಯನ್ನು, ಅದು ತಮ್ಮ ಸೋದರಸೊಸೆಯೇನೋ ಎಂಬಷ್ಟು ಅಕ್ಕರೆಯಿಂದ ನೋಡುತ್ತಿದ್ದರು. ಪನ್ನಾದೇವಿ ಬಾಗಿಲವರೆಗೆ ಹೋದರು. ಹೊಸಿಲಲ್ಲಿ ನಿಂತು ಹೊಳೆಯ ಕಡೆ ನೋಡಿದರು. ದೋಣಿ ಆ ದಂಡೆಯಿಂದ ಹೊರಟಿತ್ತು. ಎಷ್ಟು ಹೊತ್ತು ಹಾಗೆ ನಿಂತರೋ. ಆಮೇಲೆ ತಿರುಗಿ ಬಂದು, ಚಾಪೆಯ ಮೇಲೆ ಕೂತು, "ಬಿಸಿಲು ಜಾಸ್ತಿ ಇದೆ," ಅಂದರು.

ಅಲ್ಲಿಂದ ಐದೂವರೆಯವರೆಗೆ ಆ ಕೋಣೆಯಲ್ಲಿ ಗಡಿಯಾರವೊಂದೇ ಮಾತಾಡಿತು. ಮಾತು ಬೆಳೆಸಬೇಕೆಂದು ನಾನು ಅಜೀರ್ಣಕ್ಕೆ ಯಾವ ಗುಳಿಗೆ ಒಳ್ಳೆಯದೆಂದು ವಿವರಿಸಿದೆ. ಯಾರೂ ಕೇಳಲಿಲ್ಲ. ಜೇಬಿನಲ್ಲಿ ನನ್ನ ಹೆಬ್ಬೆರಳು ತಾನೇ ಒಂದು ಹಣ್ಣಿನಂತೆ ಊದಿಕೊಳ್ಳುತ್ತಿದೆ ಅನ್ನಿಸಿತು. ಅಲ್ಲಿ, ಹತ್ತಿಯೊಳಗೆ, ಸಿಪ್ಪೆಯ ಕೆಳಗೆ, ಆ ಜಾಗ ಈಗ ಯಾವ ಬಣ್ಣಕ್ಕೆ ತಿರುಗಿರಬಹುದು?

ಐದಕ್ಕೆ ಕುಹು ಹಣ್ಣನ್ನು ಮಡಕೆಯ ತಣ್ಣೀರಿನಲ್ಲಿ ಮುಳುಗಿಸಿಟ್ಟಳು. ಐದೂವರೆಗೆ ಹೊರತೆಗೆದು, ಒರೆಸಿ, ಮೂಸಿದಳು. ಈ ಸಲ ನನ್ನ ಮೂಗಿಗೂ ತಿಳಿಯಿತು. ಇಡೀ ಕೋಣೆಗೆ ತಿಳಿಯಿತು.

"ಈಗ," ಅಂದಳು.

ಬೆಳ್ಳಿ ತಟ್ಟೆ ಎದುರಿಗಿಟ್ಟುಕೊಂಡಳು. ತೊಟ್ಟಿನ ಕಡೆ ಟೋಪಿಯಷ್ಟು ತೆಗೆದಳು, ಸೊನೆಯ ಕೊನೆ ಹನಿಯನ್ನು ಬಟ್ಟೆಗೆ ಒರೆಸಿದಳು. ಆಮೇಲೆ ಬಿದಿರಿನ ಅಲಗನ್ನು ಸಿಪ್ಪೆಯಡಿಗೆ ತೂರಿಸಿ, ಮೇಲಿಂದ ಕೆಳಕ್ಕೆ ಬೆರಳಗಲದ ಪಟ್ಟಿಗಳನ್ನು ಎಳೆಯತೊಡಗಿದಳು. ಗುಟ್ಟು ಏನೆಂದರೆ ಪಟ್ಟಿಗಳನ್ನು ತುದಿಯವರೆಗೆ ತೆಗೆಯುವುದಿಲ್ಲ. ಬುಡದಲ್ಲಿ ಒಂದು ಬಟ್ಟಲಿನಷ್ಟು ಸಿಪ್ಪೆ ಬಿಡಬೇಕು. ಕೈ ಹಿಡಿಯುವುದು ಆ ಬಟ್ಟಲನ್ನು, ತಿರುಳನ್ನಲ್ಲ. ಮೊದಲ ಪಟ್ಟಿ ಬಂತು. ಕೇಸರಿ ತಿರುಳು, ಒಂದು ಗೀರಿಲ್ಲ. ಪನ್ನಾದೇವಿ ಕನ್ನಡಕ ಏರಿಸಿದರು. ಎರಡನೆಯ ಪಟ್ಟಿ. ಮೂರನೆಯದು.

ನಾಲ್ಕನೆಯ ಪಟ್ಟಿಯ ಕೆಳಗೆ, ಭುಜದ ಹತ್ತಿರ, ಎಂಟಾಣೆ ನಾಣ್ಯದಷ್ಟು ಕಂದು ಕಲೆ.

ಅಲಗು ನಿಂತಿತು.

ಕುಹು ಬಯಸಿದ್ದರೆ ಆ ಪಟ್ಟಿಯನ್ನು ಒಂದಿಷ್ಟು ದಪ್ಪಗೆ ಎಳೆದು, ಕಲೆಯನ್ನು ಸಿಪ್ಪೆಯ ಜೊತೆಗೇ ತೆಗೆದುಬಿಡಬಹುದಿತ್ತು. ಎದುರಿಗೆ ಕೂತವರಿಗೆ ಕಾಣದಂತೆ ಕೈ ತಿರುಗಿಸಲೂಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಪಟ್ಟಿಯನ್ನು ಅಷ್ಟೇ ತೆಳ್ಳಗೆ ಪೂರ್ತಿ ಎಳೆದಳು. ಉಳಿದವನ್ನೂ ಎಳೆದಳು. ಮಾವಿನ ಓಟೆ ಚಪ್ಪಟೆ. ಹಣ್ಣಿನ ಅಗಲದ ಮೈ ಯಾವ ಕಡೆಗೋ ಓಟೆಯೂ ಅದೇ ಕಡೆಗೆ ಮಲಗಿರುತ್ತದೆ. ಅದರ ಪಕ್ಕಕ್ಕೇ ಅಲಗು ಇಳಿಸಿದಳು. ಒಂದು ಕೆನ್ನೆ ತಟ್ಟೆಗೆ ಜಾರಿತು, ಆಮೇಲೆ ಇನ್ನೊಂದು. ಬುಡದ ಸಿಪ್ಪೆ ಕಳಚಿ, ಅಲಗಿನಿಂದಲೇ ಹೋಳು ಮಾಡಿ, ಅಲಗಿನಿಂದಲೇ ಜೋಡಿಸಿದಳು. ಕಲೆಯಿದ್ದ ಹೋಳನ್ನು ಕಲೆ ಮೇಲಾಗಿ, ಪನ್ನಾದೇವಿಗೆ ಎದುರಾಗಿ ಇಟ್ಟಳು. ತಟ್ಟೆ ಮುಂದೆ ಸರಿಸಿದಳು.

ಗಂಟೆ ಐದೂ ಐವತ್ತು.

ಪನ್ನಾದೇವಿ ತಟ್ಟೆ ನೋಡಿದರು.

"ಇದು ಯಾರ ಹೆಬ್ಬೆರಳು?"

ಅದೇ ಮಾತು. ಐವತ್ತೈದು ವರ್ಷ ಮೊದಲು ಅವರ ಅತ್ತೆಯ ಬಾಯಿಂದ ಬಂದದ್ದು. ಬುವಾ ಕಣ್ಣು ಹಲ್ಲಿಯನ್ನು ಬಿಟ್ಟು ತಟ್ಟೆಗೆ ಬಂತು.

ಕುಹು ತನ್ನ ಎರಡೂ ಹೆಬ್ಬೆರಳನ್ನು ಎತ್ತಿ ತೋರಿಸಿದಳು, ಎರಡು ಅವರೆಕಾಳಿನಷ್ಟು. "ನನ್ನದಲ್ಲ ಮಾಜೀ. ಯಾರದು ಅಂತ ನಂಗೆ ಗೊತ್ತಿಲ್ಲ."

ಧರ್ಮದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಹೊತ್ತಿಗೆ ಬದಲಾಗಿತ್ತು. ಎದ್ದೆ.

"ನನ್ನದು," ಅಂದೆ. "ಎರಡು ಗಂಟೆಗೆ. ಹಣ್ಣಾಗಿದೆಯಾ ಅಂತ ನೋಡೋಕೆ."

"ಬಾ ಇಲ್ಲಿ."

ಹೋದೆ. ನನ್ನ ಕೈ ಹಿಡಿದು ಎಳೆದು, ಹೆಬ್ಬೆರಳನ್ನು ಹೋಳಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹಿಡಿದರು. ಕಲೆ ಪೂರ್ತಿ ಮುಚ್ಚಿಹೋಯಿತು. ಅವರು ನನ್ನ ಹೆಬ್ಬೆರಳನ್ನು ತಿರುಗಿಸಿ ಮುರುಗಿಸಿ, ಸಂತೆಯಲ್ಲಿ ಮೂಲಂಗಿ ನೋಡುವಂತೆ ನೋಡಿದರು.

"ಅವತ್ತೂ ನಿಮ್ಮಪ್ಪ ಬಂದು ಒಪ್ಕೊಂಡ. ಇಷ್ಟುದ್ದ ಇದ್ದ, ಅಳ್ತಿದ್ದ. ಹುಡುಗಿ ಉಳಿಸೋಕೆ ಮಗುಗೆ ಹೇಳಿಕೊಟ್ಟಿದಾರೆ ಅಂದ್ರು ನಮ್ಮತ್ತೆ. ನಾನೂ ಹಾಗೇ ಅಂದ್ಕೊಂಡೆ." ನನ್ನ ಕೈ ಬಿಟ್ಟರು. "ಈ ಹೆಬ್ಬೆರಳಿಗೆ ಯಾರೂ ಏನೂ ಹೇಳಿಕೊಡೋಕೆ ಸಾಧ್ಯ ಇಲ್ಲ."

ಆಮೇಲೆ ಕುಹು ಕಡೆ ತಿರುಗಿದರು. "ಕಲೆ ಕಂಡಾಗ ದಪ್ಪಗೆ ಸುಲಿದಿದ್ರೆ ಹೋಗ್ತಿತ್ತು. ಯಾಕೆ ಸುಲೀಲಿಲ್ಲ?"

"ಹಣ್ಣು ಹೆಚ್ಚೋಕೆ ಹೇಳಿದ್ರಿ. ಮುಚ್ಚೋಕೆ ಹೇಳಿರಲಿಲ್ಲ."

"ಮೂರು ಗಂಟೆಗೆ ನಾನು ಹೊರಟೇ ಹೋಗಿದ್ರೆ?"

ಕುಹು ಅಲಗನ್ನು ತಟ್ಟೆಯ ಪಕ್ಕ ಇಟ್ಟಳು. ಅವಳ ಕಣ್ಣು ತುಂಬಿತ್ತು. "ಅತ್ತಿರ್ತಿದ್ದೆ ಮಾಜೀ. ಆದ್ರೆ ಹಣ್ಣು ಐದೂವರೆಗೇ ಆಗ್ತಿತ್ತು."

ಪನ್ನಾದೇವಿ ಒಂದು ಹೋಳು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಅದು ಅವರ ಗಂಟಲಲ್ಲಿ ಇಳಿಯುವುದನ್ನೇ ನಾವೆಲ್ಲ ನೋಡುತ್ತಿದ್ದೆವು. ಎರಡನೆಯ ಹೋಳು. ಮೂರನೆಯದು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಆರೂ ಐದಕ್ಕೆ ತಟ್ಟೆಯಲ್ಲಿ ಕಲೆಯ ಹೋಳೊಂದೇ ಉಳಿಯಿತು.

"ಜತನ್," ಅಂದರು ಪನ್ನಾದೇವಿ, ಬೆರಳು ಒರೆಸಿಕೊಳ್ಳುತ್ತಾ. "ನಮ್ಮ ಮನೆಯ ತೋಟದಲ್ಲಿ ಎರಡು ಮರ ಇದೆ. ಯಾವ ಹಣ್ಣು ಯಾವಾಗ ಅಂತ ಹೇಳೋರು ಯಾರೂ ಇಲ್ಲ. ಈ ಹುಡುಗಿ ಮಾಘದಲ್ಲಿ ಬಂದ್ರೆ ಮುಂದಿನ ಬೆಳೆಗೆ ಸರಿಯಾಗುತ್ತೆ."

ಅವರ ಸೊಸೆ ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು. ಕುಹು ಎದ್ದು ಒಳಗೆ ಓಡಿದಳು. ಫೋನ್ ಒತ್ತುವ ಸದ್ದು ನಮಗೆಲ್ಲ ಕೇಳಿಸಿತು. ಆ ಒತ್ತುವಿಕೆಗೆ ಯಾರೂ ಆಕ್ಷೇಪಿಸಲಿಲ್ಲ.

ದೋಣಿಕಟ್ಟೆಯವರೆಗೆ ಅವರನ್ನು ಬಿಡಲು ಕುಹು ಹೋದಳು. ನಾನೂ ಬುವಾನೂ ಉಳಿದೆವು. ಬುವಾ ಸಿಪ್ಪೆಯ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ತಿರುಳು ಎಷ್ಟು ಅಂಟಿದೆ ಎಂದು ನೋಡುತ್ತಿದ್ದರು. ಅಂಟಿರಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ತಿನ್ನು. ಇನ್ನೂ ಹತ್ತು ನಿಮಿಷ ಇದೆ. ನಿನ್ನ ಹೆಬ್ಬೆರಳು, ನೀನೇ ತಿನ್ನು."

ತಿಂದೆ. ಕಲೆಯ ಜಾಗ ತುಸು ಮಂಕು ರುಚಿ, ಉಳಿದದ್ದಕ್ಕೆ ಮಾತಿಲ್ಲ. ತಿನ್ನುತ್ತಾ ನನಗೆ ಅಪ್ಪ ನೆನಪಾದರು. ಪ್ರತಿ ವರ್ಷ ಬುಟ್ಟಿ ಹೊತ್ತು ಈ ಮೆಟ್ಟಿಲು ಹತ್ತುತ್ತಿದ್ದದ್ದು, ಕೊನೆಗಾಲದಲ್ಲಿ ಚಂಪಾ, ಚಂಪಾ ಎಂದು ಗೊಣಗುತ್ತಿದ್ದದ್ದು. ಉತ್ತರದ ಕೋಣೆಯ ಮಂಚದತ್ತ ನೋಡಿದೆ. ಬುವಾ ತವರಿಂದ ತಂದ ಅದೇ ಮಂಚ, ನನ್ನ ತೊಡೆಯವರೆಗೆ ಎತ್ತರ, ಒಂದು ಮಾರು ಅಗಲ. ಎಂಟು ವರ್ಷದ ಹುಡುಗ ಅದರ ನಡುವಿನ ಹಣ್ಣಿಗೆ ಕೈ ಚಾಚುವುದು ಹೇಗೆ?

"ಬುವಾ," ಅಂದೆ. "ಅವತ್ತು ಆ ಕೋಹಿತೂರ್ ಒತ್ತಿದ್ದು ಯಾರು?"

ಬುವಾ ಕೊನೆಯ ಸಿಪ್ಪೆಯನ್ನು ಬಟ್ಟಲಿಗೆ ಹಾಕಿ, ಬಿದಿರಿನ ಚಾಕುವನ್ನು ಸೆರಗಿನಲ್ಲಿ ಒರೆಸಿದರು.

"ನಾನೇ. ಹಣ್ಣು ಆಗಿತ್ತು. ಹುಡುಗ ಇನ್ನೂ ಕಾಯಿ."